ಒಂಬತ್ತು ತಿಂಗಳು ತುಂಬಿದ ಮಗುವಿನ ಲಸಿಕೆ: ಪೋಷಕರಿಗೆ ನೀಡುವ ನೆನಪೋಲೆಯ ಒಕ್ಕಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಮಗುವಿಗೆ ಹುಟ್ಟಿದಾಗ, ನಂತರ 6, 10 ಮತ್ತು 14 ವಾರಗಳಲ್ಲಿ ಲಸಿಕೆಗಳನ್ನು ನೀಡಲಾಗುತ್ತದೆ. ಮುಂದಿನ ಭೇಟಿ ಒಂಬತ್ತು ತಿಂಗಳು ತುಂಬಿದ ನಂತರವೇ. ನಡುವಿನ ಐದೂವರೆ ತಿಂಗಳಿಗೂ ಹೆಚ್ಚಿನ ಅವಧಿಯಲ್ಲಿ ಲಸಿಕೆಗಾಗಿ ಕರೆ ಬರುವುದಿಲ್ಲ. ತಾಯಿ ತವರಿನಿಂದ ಗಂಡನ ಮನೆಗೆ ಹಿಂದಿರುಗುವುದು, ಕುಟುಂಬವು ಕೂಲಿಗಾಗಿ ವಲಸೆ ಹೋಗುವುದು, ಮೊಬೈಲ್ ಸಂಖ್ಯೆ ಬದಲಾಗುವುದು ಬಹುಮಟ್ಟಿಗೆ ಈ ಅವಧಿಯಲ್ಲಿಯೇ. ಆದ್ದರಿಂದ ನೆನಪೋಲೆಯ ಅಗತ್ಯ ಹೆಚ್ಚಾಗಿರುವುದು ಈ ಭೇಟಿಗೆ. ಆಶಾ ಕಾರ್ಯಕರ್ತೆಯು ಸಿದ್ಧಪಡಿಸುವ ಬಾಕಿ ಮಕ್ಕಳ ಪಟ್ಟಿಯ ಆಧಾರದ ಮೇಲೆ ಪಂಚಾಯಿತಿಯು ಪೋಷಕರಿಗೆ ಕಳುಹಿಸುವ ಓಲೆಯಲ್ಲಿ ಏನಿರಬೇಕು, ಏಕೆ ಇರಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ದಿನಾಂಕವನ್ನು ಬರೆಯುವ ಕ್ರಮ

“ಒಂಬತ್ತನೇ ತಿಂಗಳಿನ ಲಸಿಕೆಗೆ ಬನ್ನಿ” ಎಂಬ ವಾಕ್ಯವು ಮೇಲ್ನೋಟಕ್ಕೆ ಸರಿಯಾಗಿದ್ದರೂ ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡುತ್ತದೆ. 2024ರ ಜೂನ್ 12ರಂದು ಹುಟ್ಟಿದ ಮಗುವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಮಗುವಿಗೆ 2025ರ ಫೆಬ್ರವರಿ 12ಕ್ಕೆ ಎಂಟು ತಿಂಗಳು ತುಂಬಿ ಒಂಬತ್ತನೆಯದು ಆರಂಭವಾಗುತ್ತದೆ. ಓಲೆಯನ್ನು ನಂಬಿ ತಾಯಿಯು ಮರುದಿನ, ಅಂದರೆ ಫೆಬ್ರವರಿ 13ರ ಗುರುವಾರ, ಕೂಲಿ ಬಿಟ್ಟು ಬಂದರೆ ದಡಾರ–ರುಬೆಲ್ಲಾ ಲಸಿಕೆ ದೊರೆಯದೆ ಹಿಂದಿರುಗಬೇಕಾಗುತ್ತದೆ. ತಾಯಿಯಿಂದ ಮಗುವಿಗೆ ಬಂದ ರೋಗನಿರೋಧಕ ಅಂಶಗಳು ಮೊದಲ ಕೆಲವು ತಿಂಗಳು ರಕ್ತದಲ್ಲಿ ಉಳಿದಿದ್ದು, ಲಸಿಕೆಯು ಪೂರ್ಣವಾಗಿ ಫಲ ನೀಡದಂತೆ ತಡೆಯುವುದರಿಂದ ಈ ವಯೋಮಿತಿಯನ್ನು ಇಡಲಾಗಿದೆ. ಒಮ್ಮೆ ಬರಿಗೈಯಲ್ಲಿ ಹಿಂದಿರುಗಿದ ತಾಯಿ ಮತ್ತೊಮ್ಮೆ ಬರಲು ಹಿಂಜರಿಯುವುದು ಸಹಜ.

ಇದೇ ಮಗುವಿಗೆ ಒಂಬತ್ತು ತಿಂಗಳು ತುಂಬುವುದು 2025ರ ಮಾರ್ಚ್ 12ರ ಬುಧವಾರ. ಆ ಗ್ರಾಮದ ಲಸಿಕಾ ದಿನ ಗುರುವಾರವಾಗಿದ್ದಲ್ಲಿ, “ಮಾರ್ಚ್ 13, ಗುರುವಾರ” ಎಂದೇ ಓಲೆಯಲ್ಲಿರಬೇಕು. ತಿಂಗಳ ಲೆಕ್ಕವನ್ನು ಪೋಷಕರಿಗೆ ಬಿಡದೆ ದಿನಾಂಕ, ವಾರ, ಸ್ಥಳ ಮತ್ತು ವೇಳೆಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ವೇಳೆಗೂ ಕಾರಣವಿದೆ. ದಡಾರ–ರುಬೆಲ್ಲಾ ಲಸಿಕೆಯು ಪುಡಿಯ ರೂಪದಲ್ಲಿದ್ದು, ದ್ರಾವಣ ಬೆರೆಸಿದ ನಂತರ 4 ಗಂಟೆಯೊಳಗೆ ಬಳಸಬೇಕು. ಉಳಿದದ್ದನ್ನು ಮತ್ತೆ ಬಳಸುವಂತಿಲ್ಲ. ಲಸಿಕಾ ಸ್ಥಳವು ಮುಚ್ಚುವ ವೇಳೆಗೆ ಬಂದವರಿಗೆ ತೊಂದರೆಯಾಗಬಹುದು.

2. ತರಬೇಕಾದವು

ಮುಖ್ಯವಾಗಿ ಬೇಕಾಗಿರುವುದು ತಾಯಿ ಕಾರ್ಡ್. ಹಿಂದಿನ ಲಸಿಕೆಗಳ ದಾಖಲೆ ಅದರಲ್ಲಿದ್ದು, ತಪ್ಪಿಹೋದ ಡೋಸ್ ಯಾವುದೆಂಬುದು ಅದರಿಂದಲೇ ತಿಳಿಯುತ್ತದೆ. ಯು-ವಿನ್ ತಂತ್ರಾಂಶದಲ್ಲಿ ನೋಂದಾಯಿಸಿದ ಮೊಬೈಲ್ ಅನ್ನೂ ತರುವುದು ಒಳಿತು. ಆದರೆ “ತಾಯಿ ಕಾರ್ಡ್ ಕಡ್ಡಾಯ” ಎಂದಷ್ಟೇ ಬರೆದರೆ, ಕಾರ್ಡ್ ಕಳೆದುಕೊಂಡ ಕುಟುಂಬವು ಮನೆಯಲ್ಲೇ ಉಳಿಯುತ್ತದೆ. “ಕಾರ್ಡ್ ಕಳೆದಿದ್ದರೂ ಮಗುವನ್ನು ಕರೆತನ್ನಿ” ಎಂಬ ವಾಕ್ಯವು ಅದರ ಪಕ್ಕದಲ್ಲಿಯೇ ಇರಬೇಕು.

ಅಜ್ಜಿ ಅಥವಾ ತಂದೆ ಮಗುವನ್ನು ಕರೆತರುವುದಾದರೆ, ಹಿಂದಿನ ಚುಚ್ಚುಮದ್ದಿನ ನಂತರ ಮಗುವಿಗೆ ಫಿಟ್ಸ್, ಉಸಿರಾಟದ ತೊಂದರೆ ಅಥವಾ ಇತರ ಗಂಭೀರ ತೊಂದರೆ ಆಗಿತ್ತೇ ಎಂಬುದನ್ನು ತಾಯಿಯಿಂದ ಕೇಳಿ ತಿಳಿದು ಬರುವಂತೆ ಸೂಚಿಸಬೇಕು. ನೆಗಡಿ, ಕೆಮ್ಮು, ಅಲ್ಪ ಜ್ವರ ಇದ್ದಲ್ಲಿ ಲಸಿಕೆ ಮುಂದೂಡುವ ಅಗತ್ಯವಿರುವುದಿಲ್ಲ. ಲಸಿಕೆ ನೀಡಬಹುದೇ ಎಂಬುದನ್ನು ಆರೋಗ್ಯ ಸಿಬ್ಬಂದಿ ಮಗುವನ್ನು ನೋಡಿ ನಿರ್ಧರಿಸುತ್ತಾರೆ.

3. ಅಲ್ಲಿ ಏನಾಗುತ್ತದೆ

ಈ ಭೇಟಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್, ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಬೂಸ್ಟರ್ ಮತ್ತು ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸ್ ನೀಡಲಾಗುತ್ತದೆ. ಮೆದುಳು ಜ್ವರದ (ಜೆ.ಇ.) ಲಸಿಕೆ ಜಾರಿಯಲ್ಲಿರುವ ಜಿಲ್ಲೆಗಳಲ್ಲಿ ಅದೂ ಸೇರುತ್ತದೆ. ಜೊತೆಗೆ ವಿಟಮಿನ್ ಎ ದ್ರಾವಣವನ್ನು ಬಾಯಿಗೆ ಹಾಕಲಾಗುತ್ತದೆ. ಒಂದೇ ದಿನ ಮೂರು ಅಥವಾ ನಾಲ್ಕು ಚುಚ್ಚುಮದ್ದು ಎಂಬುದನ್ನು ಮುಂಚಿತವಾಗಿ ತಿಳಿಸದಿದ್ದಲ್ಲಿ, ಸ್ಥಳದಲ್ಲಿ ಗಾಬರಿಗೊಂಡ ಪೋಷಕರು “ಇಂದು ಒಂದೇ ಸಾಕು” ಎಂದು ಹೊರಟುಬಿಡುವುದುಂಟು.

ಲಸಿಕೆಯ ನಂತರ 30 ನಿಮಿಷ ಅಲ್ಲಿಯೇ ಕುಳಿತಿರಬೇಕು. ಅತ್ಯಂತ ಅಪರೂಪವಾದ ತೀವ್ರ ಅಲರ್ಜಿ ಕಾಣಿಸುವುದಾದರೆ ಸಾಮಾನ್ಯವಾಗಿ ಈ ಅವಧಿಯಲ್ಲಿಯೇ ಕಾಣಿಸುತ್ತದೆ ಮತ್ತು ಅದಕ್ಕೆ ಬೇಕಾದ ಔಷಧ ಸಿಬ್ಬಂದಿಯ ಬಳಿ ಇರುತ್ತದೆ. ಆದುದರಿಂದ ಆ ದಿನದ ಬಸ್ಸಿನ ವೇಳೆಯನ್ನು ಲೆಕ್ಕ ಹಾಕಿಯೇ ಹಾಜರಾಗುವ ಸಮಯವನ್ನು ಓಲೆಯಲ್ಲಿ ನೀಡತಕ್ಕದ್ದು.

4. ಮನೆಗೆ ಹೋದ ನಂತರ

ಅದೇ ದಿನ ಅಥವಾ ಮರುದಿನ ಅಲ್ಪ ಜ್ವರ, ಚುಚ್ಚಿದ ಜಾಗದಲ್ಲಿ ನೋವು, ಊತ ಕಾಣಿಸಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಇದನ್ನು ಬಹುತೇಕ ಪೋಷಕರು ಬಲ್ಲರು. ತಿಳಿಯದಿರುವುದು ಇನ್ನೊಂದು: ದಡಾರ–ರುಬೆಲ್ಲಾ ಲಸಿಕೆಯಿಂದ ಕೆಲವು ಮಕ್ಕಳಲ್ಲಿ ಸುಮಾರು ಒಂದು ವಾರದ ನಂತರ, 12 ದಿನಗಳ ಒಳಗೆ, ಜ್ವರ ಅಥವಾ ಸಣ್ಣ ಕೆಂಪು ಗುಳ್ಳೆಗಳು ಕಾಣಿಸಬಹುದು. ಇದು ಒಂದೆರಡು ದಿನ ಇದ್ದು ತಾನಾಗಿಯೇ ಹೋಗುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ, “ಲಸಿಕೆ ಹಾಕಿಸಿದ್ದಕ್ಕೇ ಮಗುವಿಗೆ ದಡಾರ ಬಂತು” ಎಂಬ ಮಾತು ಓಣಿಯಲ್ಲಿ ಹಬ್ಬಿ, ಮುಂದಿನ ಲಸಿಕಾ ದಿನ ಇತರ ಮಕ್ಕಳೂ ಬಾರದಂತಾಗುತ್ತದೆ.

5. ಮಾದರಿ ಒಕ್ಕಣೆ

“ಮಾನ್ಯ ಪೋಷಕರೇ,
ತಮ್ಮ ಮಗುವಿಗೆ ಒಂಬತ್ತು ತಿಂಗಳು ತುಂಬುತ್ತಿದೆ. ಮಾರ್ಚ್ 13, ಗುರುವಾರ ಬೆಳಿಗ್ಗೆ 10 ಗಂಟೆಗೆ ಗ್ರಾಮದ ಅಂಗನವಾಡಿ ಕೇಂದ್ರಕ್ಕೆ ಮಗುವನ್ನು ಕರೆತನ್ನಿ. ಲಸಿಕೆ ಉಚಿತ.
ತಾಯಿ ಕಾರ್ಡ್ ಮತ್ತು ಮೊಬೈಲ್ ತನ್ನಿ. ಕಾರ್ಡ್ ಕಳೆದಿದ್ದರೂ ಬನ್ನಿ. ಮಗುವಿಗೆ ಸಡಿಲವಾದ ಬಟ್ಟೆ ತೊಡಿಸಿ. ಹಾಲು, ಊಟ ಎಂದಿನಂತೆ ಕೊಡಿ. ನೆಗಡಿ, ಕೆಮ್ಮು ಇದ್ದರೂ ಬನ್ನಿ, ಅಲ್ಲಿ ಪರೀಕ್ಷಿಸುತ್ತಾರೆ.
ಅಂದು ಮೂರು ಅಥವಾ ನಾಲ್ಕು ಚುಚ್ಚುಮದ್ದು ಮತ್ತು ವಿಟಮಿನ್ ಎ ಹನಿ ನೀಡಲಾಗುತ್ತದೆ. ನಂತರ 30 ನಿಮಿಷ ಅಲ್ಲಿಯೇ ಇರಿ.
ಒಂದೆರಡು ದಿನ ಅಲ್ಪ ಜ್ವರ, ಊತ ಇರಬಹುದು. ಸುಮಾರು ಒಂದು ವಾರದ ನಂತರವೂ ಜ್ವರ ಅಥವಾ ಕೆಂಪು ಗುಳ್ಳೆ ಬರಬಹುದು. ಜ್ವರದ ಔಷಧವನ್ನು ಸಿಬ್ಬಂದಿ ತಿಳಿಸಿದ ಪ್ರಮಾಣದಲ್ಲಿ ಮಾತ್ರ ಕೊಡಿ. ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ ಹಚ್ಚಬೇಡಿ.
ಜ್ವರ ಇಳಿಯದಿದ್ದರೆ, ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ ಅಥವಾ ಮಗು ಮಂಕಾಗಿ ಹಾಲು ಕುಡಿಯದಿದ್ದರೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ ಅಥವಾ 108ಕ್ಕೆ ಕರೆ ಮಾಡಿ.
ಅಂದು ಬರಲಾಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಮುಂದಿನ ಲಸಿಕಾ ದಿನ ಹಾಕಿಸಬಹುದು.”

6. ಬಳಕೆಯಲ್ಲಿ ಗಮನಿಸತಕ್ಕವು

ಈ ಓಲೆಯನ್ನು ಲಸಿಕಾ ದಿನಕ್ಕೆ ಎರಡು–ಮೂರು ದಿನ ಮೊದಲು ಮನೆಗೆ ತಲುಪಿಸಿ, ಹಿಂದಿನ ಸಂಜೆ ದಿನಾಂಕ, ವೇಳೆ, ಸ್ಥಳವನ್ನಷ್ಟೇ ಫೋನಿನಲ್ಲಿ ನೆನಪಿಸಿದರೆ ಸಾಕು. ಓದಲು ಬಾರದ ಮನೆಗಳಲ್ಲಿ ಓಲೆಯನ್ನು ಓದಿ ಹೇಳಿ, “ಯಾವ ದಿನ, ಏನು ತರಬೇಕು?” ಎಂದು ಮರಳಿ ಕೇಳಬೇಕು, ಉತ್ತರವು ತಪ್ಪಿದಲ್ಲಿ ಒಕ್ಕಣೆಯನ್ನು ಇನ್ನೂ ಸರಳಗೊಳಿಸಬೇಕೆಂದು ತಿಳಿಯತಕ್ಕದ್ದು. ಡಂಗುರ ಅಥವಾ ಧ್ವನಿವರ್ಧಕದಲ್ಲಿ ಲಸಿಕಾ ದಿನವನ್ನು ಮಾತ್ರ ಸಾರಬೇಕು. ಬಾಕಿ ಮಕ್ಕಳ ಹೆಸರನ್ನು ಸೂಚನಾ ಫಲಕದಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಪ್ರಕಟಿಸಬಾರದು. ಪಡಿತರ ಅಥವಾ ಇತರ ಸೌಲಭ್ಯ ನಿಲ್ಲುತ್ತದೆಂಬ ಬೆದರಿಕೆಯ ಮಾತನ್ನು ಸೇರಿಸಬಾರದು.

ಸಭೆಯಲ್ಲಿ ಅಭ್ಯಾಸಕ್ಕಾಗಿ: ಬಾಕಿ ಪಟ್ಟಿಯಲ್ಲಿರುವ ಮಗುವೊಂದರ ಜನ್ಮ ದಿನಾಂಕವನ್ನು ಮಾತ್ರ ಆಶಾ ಕಾರ್ಯಕರ್ತೆಯಿಂದ ಪಡೆದು, ಒಂಬತ್ತು ತಿಂಗಳು ತುಂಬುವ ದಿನವನ್ನೂ ಅದರ ನಂತರ ಬರುವ ಮೊದಲ ಲಸಿಕಾ ದಿನವನ್ನೂ ಸದಸ್ಯರು ಲೆಕ್ಕ ಹಾಕಿ, ಮೇಲಿನ ಮಾದರಿಯಲ್ಲಿ ತುಂಬತಕ್ಕದ್ದು.