ಆಡಿಟ್ ಬೇಕೋ ಬೇಡವೋ? ಖರ್ಚಿನ ಪುಸ್ತಕವನ್ನೂ ನೋಡಿ

“ಸಾರ್, ಗಿರಾಕಿಗಳೆಲ್ಲ ಸ್ಕ್ಯಾನ್ ಮಾಡಿಯೇ ದುಡ್ಡು ಹಾಕ್ತಾರೆ. ಹತ್ತು ಕೋಟಿವರೆಗೂ ನಮಗೆ ಆಡಿಟ್ ಇಲ್ಲ, ಅಲ್ವಾ?” ತುಮಕೂರಿನ ಹಾರ್ಡ್‌ವೇರ್ ವ್ಯಾಪಾರಿ ಹೀಗೆ ಕೇಳಿದಾಗ ಅಂಕಣಕಾರರು ಉತ್ತರ ಕೊಡುವ ಮೊದಲು ಖರ್ಚಿನ ಪುಸ್ತಕ ತರಿಸಿದರು. ವ್ಯಾಪಾರಿ ತಂದಿದ್ದು ಮಾರಾಟದ ಪುಸ್ತಕ ಮಾತ್ರ.

2024-25ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಮಿನ ಪ್ರಕಾರ ವಹಿವಾಟು ಒಂದು ಕೋಟಿ ರೂಪಾಯಿ ದಾಟಿದರೆ ಆಡಿಟ್ ಕಡ್ಡಾಯ. ಈ ಮಿತಿ ಹತ್ತು ಕೋಟಿಗೆ ಏರಬೇಕಾದರೆ ಎರಡು ಷರತ್ತುಗಳಿವೆ. ವರ್ಷದ ಒಟ್ಟು ಜಮೆಯಲ್ಲಿ ನಗದು ಶೇ 5 ಮೀರಬಾರದು. ಒಟ್ಟು ಪಾವತಿಯಲ್ಲೂ ಅಷ್ಟೇ. ಒಂದು ತಪ್ಪಿದರೂ ಮಿತಿ ಮತ್ತೆ ಒಂದು ಕೋಟಿಗೇ ಇಳಿಯುತ್ತದೆ.

2024-25ರಲ್ಲಿ ಆ ಅಂಗಡಿಯ ಮಾರಾಟ 2.40 ಕೋಟಿ. ಅದರಲ್ಲಿ ವರ್ಷದೊಳಗೆ ಕೈಸೇರಿದ್ದು 2.30 ಕೋಟಿ, ಬ್ಯಾಂಕ್ ಸಾಲ 20 ಲಕ್ಷ ಸೇರಿ ಒಟ್ಟು ಜಮೆ 2.50 ಕೋಟಿ. ನಗದು 11 ಲಕ್ಷ, ಅಂದರೆ ಶೇ 4.4. ಗಲ್ಲಾಪೆಟ್ಟಿಗೆಯ ದುಡ್ಡನ್ನು ಸಂಜೆ ಬ್ಯಾಂಕಿಗೆ ಕಟ್ಟಿದ ಮಾತ್ರಕ್ಕೆ ಅದು ಡಿಜಿಟಲ್ ಆಗುವುದಿಲ್ಲ ಎಂದು ಅಂಕಣಕಾರರು ಪಾಸ್‌ಬುಕ್ಕಿನ ಒಂದೊಂದು ಸಾಲನ್ನೂ ಬೇರೆ ಮಾಡಿಸಿದ್ದರು. ಬೇರರ್ ಚೆಕ್ಕೂ ಇಲ್ಲಿ ನಗದೇ.

ಸೋತಿದ್ದು ಪಾವತಿಯಲ್ಲಿ. ವರ್ಷದ ಪಾವತಿ 2.20 ಕೋಟಿ, ಶೇ 5 ಎಂದರೆ 11 ಲಕ್ಷ. ಹಮಾಲಿ, ಲಾರಿ ಬಾಡಿಗೆ, ಹುಡುಗರ ವಾರದ ಕೂಲಿ ಎಲ್ಲ ಸೇರಿ ನಗದಾಗಿ ಹೋಗಿದ್ದು 13.20 ಲಕ್ಷ, ಶೇ 6.

ಆದರೂ ಒಂದು ದಾರಿ ಉಳಿದಿತ್ತು. ಅದೇ ಕಾಯ್ದೆಯ 44ಎಡಿ ಕಲಮಿನ ಅಂದಾಜು ಲಾಭದ ಪದ್ಧತಿಯಲ್ಲಿ, ನಗದು ಜಮೆ ವಹಿವಾಟಿನ ಶೇ 5ರೊಳಗಿದ್ದರೆ ಮೂರು ಕೋಟಿವರೆಗೆ ಆಡಿಟ್ ಬೇಡ. ಅಲ್ಲಿ ನಗದು ಪಾವತಿಯನ್ನು ಕೇಳುವುದಿಲ್ಲ. 2.40 ಕೋಟಿಗೆ 11 ಲಕ್ಷ ಎಂದರೆ ಸುಮಾರು ಶೇ 4.6, ಅರ್ಹತೆ ಇತ್ತು.

ಆದರೆ ಆಗ ನಗದು ಮಾರಾಟದ ಮೇಲೆ ಶೇ 8, ಬ್ಯಾಂಕ್ ಮೂಲಕ ಬಂದಿದ್ದಕ್ಕೆ ಶೇ 6 ಲಾಭ ತೋರಿಸಬೇಕು. ಬಾಕಿ 10 ಲಕ್ಷವೂ ರಿಟರ್ನ್ ಗಡುವಿನೊಳಗೆ ಬ್ಯಾಂಕಿಗೇ ಬಂದಿದ್ದರಿಂದ ಲೆಕ್ಕ ಹೀಗಾಯಿತು: 88 ಸಾವಿರ ಮತ್ತು 13.74 ಲಕ್ಷ ಸೇರಿ 14.62 ಲಕ್ಷ. ಪುಸ್ತಕದಲ್ಲಿದ್ದ ನಿಜವಾದ ಲಾಭ 9 ಲಕ್ಷ ಮಾತ್ರ. ಬೇರೆ ಆದಾಯವಿಲ್ಲದ ಅವರಿಗೆ ಆ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ ಇವೆರಡರ ನಡುವಿನ ತೆರಿಗೆಯ ವ್ಯತ್ಯಾಸ ಸುಮಾರು 96 ಸಾವಿರ ರೂಪಾಯಿ. ಆಡಿಟರ್ ಶುಲ್ಕ ಅದಕ್ಕಿಂತ ತುಂಬಾ ಕಡಿಮೆ.

ಹಿಂದೆಂದೂ 44ಎಡಿ ಆರಿಸದ ಅವರು ಆಡಿಟ್ ಮಾಡಿಸಿದರು. ಸುಮ್ಮನೆ ಬಿಟ್ಟಿದ್ದರೆ ವಹಿವಾಟಿನ ಅರ್ಧ ಪರ್ಸೆಂಟ್, ಅಂದರೆ 1.20 ಲಕ್ಷ ರೂಪಾಯಿ ದಂಡ ಬೀಳಬಹುದಿತ್ತು. ಅದರ ಗರಿಷ್ಠ ಮಿತಿ ಒಂದೂವರೆ ಲಕ್ಷವಾಗಿತ್ತು.

ವರ್ಷ ಮುಗಿದ ಮೇಲೆ ಈ ಅನುಪಾತ ಬದಲಿಸಲಾಗದು. ಆದ್ದರಿಂದ ವ್ಯಾಪಾರಿಗಳು ಡಿಸೆಂಬರ್‌ನಲ್ಲೇ ಒಮ್ಮೆ ನಗದು ಪಾವತಿಯ ಮೊತ್ತ ಕೂಡಿ ನೋಡಿ, ಲಾರಿ ಬಾಡಿಗೆಯನ್ನಾದರೂ ಬ್ಯಾಂಕ್ ಮೂಲಕ ಕೊಡಲು ಶುರು ಮಾಡಲಿ.