ಒಂದೇ ವಿಷಯ, ಮೂರು ಒಕ್ಕಣೆ

ಕಿರಿಯರಿಗೆ ‘ಚಿರಂಜೀವಿ’ ಎಂದೂ ತಂದೆಗೆ ‘ತೀರ್ಥರೂಪ’ ಎಂದೂ ಒಕ್ಕಣೆಯನ್ನು ಆರಂಭಿಸುವುದು ನಮ್ಮ ಮನೆಯ ಪತ್ರಗಳ ಕ್ರಮವಾಗಿತ್ತು. ಕಚೇರಿಯಲ್ಲಿ ಬಂಧುತ್ವವಿಲ್ಲ. ಅಲ್ಲಿ ಓದುವವರಿಂದ ನಾವು ಏನನ್ನು ಅಪೇಕ್ಷಿಸುತ್ತೇವೆಯೋ ಅದೇ ಒಕ್ಕಣೆಯನ್ನು ನಿರ್ಣಯಿಸುತ್ತದೆ.

ನೂಲ್ಪುಳದ ಮಕ್ಕಳಿಗೆ ತಿಳಿದಿರುವ ಸಂಗತಿಯನ್ನೇ ತೆಗೆದುಕೊಳ್ಳೋಣ. 2009ರಿಂದ ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳಿಗೆ ಸಂಚಾರವಿಲ್ಲ. ಗುಂಡ್ಲುಪೇಟೆಯಿಂದ ಇಲ್ಲಿಗೆ ಸೊಪ್ಪು ತರಕಾರಿ ತರಿಸುವ ಒಂದು ಸಂಘದ ವ್ಯವಸ್ಥಾಪಕನನ್ನು ಊಹಿಸಿಕೊಳ್ಳೋಣ. ಲಾರಿಯು ತಡವಾಗಿ ಹೊರಟು ಎರಡು ಸಲ ರಾತ್ರಿಯಿಡೀ ತನಿಖಾ ಠಾಣೆಯಲ್ಲಿ ನಿಂತಿತು, ಸೊಪ್ಪು ಬಾಡಿತು. ಇನ್ನು ಅದು ಸಂಜೆ 7ಕ್ಕೇ ಹೊರಡಬೇಕು. ಇದನ್ನು ಅವನು ಮೂವರಿಗೆ ಬರೆಯಬೇಕಾಗಿದೆ.

ಲಾರಿಯೊಡನೆ ಬರುವ ಕಿರಿಯ ಗುಮಾಸ್ತನಿಗೆ: “ಶುಕ್ರವಾರ ಲಾರಿಯು ಸಂಜೆ 7ಕ್ಕೆ ಹೊರಡಬೇಕು. ರಾತ್ರಿ 9ಕ್ಕೆ ದಾರಿ ಮುಚ್ಚುತ್ತದೆ. 6 ಗಂಟೆಗೆ ಮೂಟೆಗಳನ್ನು ತುಂಬಿ ಮುಗಿದಿರದಿದ್ದರೆ ನನಗೆ ತಿಳಿಸಿರಿ.” ಕಿರಿಯನಾದರೂ ಬಹುವಚನವೇ ಸಲ್ಲುತ್ತದೆ. ಆದರೆ ಸೌಜನ್ಯಕ್ಕೆಂದು ‘ಸಾಧ್ಯವಾದರೆ’ ಎಂದು ಸೇರಿಸಬಾರದು. ಅವನು ಅದನ್ನು ಐಚ್ಛಿಕವೆಂದು ತಿಳಿಯುವನು. ತಡವಾದರೆ ನಮ್ಮ ಅಸ್ಪಷ್ಟತೆಯ ಅಪವಾದ ಅವನ ತಲೆಗೆ ಬರುವುದು.

ಗುಂಡ್ಲುಪೇಟೆಯ ಮಳಿಗೆಯಲ್ಲಿರುವ ಸಮಾನ ಹುದ್ದೆಯ ಮಿತ್ರನಿಗೆ: “ಲಾರಿ 7ಕ್ಕೆ ಹೊರಟರೆ ಸೊಪ್ಪು ಬಾಡದೆ ತಲಪುವುದು. ನಿಮ್ಮಲ್ಲಿ ತೂಕದ ಕೆಲಸ 5 ಗಂಟೆಗೆ ಮುಗಿಯಬಹುದೇ? ತೊಡಕಿದ್ದರೆ ತಿಳಿಸಿರಿ, ಬೇರೆ ಏರ್ಪಾಡು ಯೋಚಿಸೋಣ.” ಇವನಿಗೆ ಆಜ್ಞೆ ಮಾಡುವ ಅಧಿಕಾರ ನಮಗಿಲ್ಲ. ಆದ್ದರಿಂದ ಕಾರಣ ಮೊದಲು, ಪ್ರಶ್ನೆ ಅನಂತರ. ಇಲ್ಲವೆನ್ನಲು ಅವಕಾಶವೂ ಉಂಟು.

ನಿರ್ದೇಶಕರಿಗೆ: “ಮಾನ್ಯರೇ, ಲಾರಿಯು ಸಂಜೆ 7ಕ್ಕೆ ಹೊರಡುವಂತಾಗಲು ಇನ್ನೊಬ್ಬ ಹಮಾಲಿಯನ್ನು ನೇಮಿಸಿಕೊಳ್ಳಲು ತಮ್ಮ ಅನುಮತಿಯನ್ನು ಕೋರುತ್ತೇನೆ. ಎರಡು ಸಲ ಲಾರಿಯು ರಾತ್ರಿ ತಡೆಗೊಂಡು ಸೊಪ್ಪು ಬಾಡಿರುತ್ತದೆ. ಗುರುವಾರದೊಳಗೆ ಅಪ್ಪಣೆಯಾದರೆ ಶುಕ್ರವಾರದಿಂದಲೇ ಜಾರಿಗೆ ತರಬಹುದು.” ಇಲ್ಲಿ ‘ಕೂಡಲೇ ಉತ್ತರಿಸಿ’ ಎಂದರೆ ಆಜ್ಞೆಯಾಗುತ್ತದೆ, ಗುರುವಾರವೇ ಏಕೆಂದು ತಿಳಿಸಿದರೆ ಅದೇ ಮಾತು ವಿಜ್ಞಾಪನೆಯಾಗುತ್ತದೆ. ‘ತಮ್ಮ’ ಎಂದು ತೊಡಗಿ ನಡುವೆ ‘ನಿಮ್ಮ’ ಎಂದು ಇಳಿಯಲೂ ಬಾರದು. ನಾಲ್ಕು ಸಾಲು ವಿನಯವನ್ನು ಮುಂದಿಟ್ಟು ಕೋರಿಕೆಯನ್ನು ಕೊನೆಗೆ ಅಡಗಿಸಿದರೆ, ಓದುವವರು ಬೇಡಿಕೆಯನ್ನೇ ಕಾಣದೆ ಪತ್ರವನ್ನು ಬದಿಗಿಡುವರು.

ಮೂರನ್ನೂ ಜೊತೆಗಿಟ್ಟು ನೋಡಿರಿ. ಕಿರಿಯನಿಗೆ ಹೇಳಿದ್ದು ಕೆಲಸ, ಮಿತ್ರನಲ್ಲಿ ಕೇಳಿದ್ದು ಒಪ್ಪಿಗೆ, ನಿರ್ದೇಶಕರಲ್ಲಿ ಕೋರಿದ್ದು ಅನುಮತಿ. ‘ಸಂಜೆ 7’ ಮಾತ್ರ ಮೂರರಲ್ಲಿಯೂ ಒಂದೇ. ಒಕ್ಕಣೆ ಬದಲಾಗುವಾಗ ಸಂಗತಿಯೂ ಬದಲಾಗಿ, ಹಿರಿಯರಿಗೆ ಮಾತ್ರ ‘ಸ್ವಲ್ಪ ತಡವಾಯಿತು’ ಎಂದು ಬರೆದರೆ ಅದು ವಿನಯವಲ್ಲ, ಮರೆಮಾಚುವಿಕೆ.

ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ, ಶಾಲೆಯ ಪುಸ್ತಕದ ಕಟ್ಟು ಬಂದಿಲ್ಲವೆಂಬ ಸಂಗತಿಯನ್ನು ಕಿರಿಯ ತರಗತಿಯವನಿಗೆ, ಗೆಳೆಯನಿಗೆ, ಸಂಘದ ಕಾರ್ಯದರ್ಶಿಗಳಿಗೆ ಮೂರು ಮೂರು ವಾಕ್ಯಗಳಲ್ಲಿ ಬರೆದು ಮನೆಯಲ್ಲಿ ಓದಿ ತೋರಿಸಬೇಕು. ಯಾವುದು ಯಾರಿಗೆಂದು ಹೆಸರು ಹೇಳದೆಯೇ ತಂದೆತಾಯಿಗಳಿಗೆ ತಿಳಿದರೆ ಒಕ್ಕಣೆ ಸರಿಯಾಯಿತೆಂದು ನಾವು ಎಣಿಸುವೆವು.