ತೂಕದ ಗೆರೆಯ ಕೆಳಗೆ ಹಾಲಿನ ಲೆಕ್ಕ

ಪೌಷ್ಟಿಕ ಪುನಶ್ಚೇತನ ಕೇಂದ್ರದ ದಾದಿಯರೇ, ‘ಸ್ವಲ್ಪ ಕುಡಿಯಿತು, ತೂಕ ಪರವಾಗಿಲ್ಲ’ ಎಂಬಂಥ ಬಿಡಿ ಟಿಪ್ಪಣಿಗಳನ್ನು ಒಂದೇ ಹಾಳೆಯ ನಕ್ಷೆಗೆ ತನ್ನಿ.

ಮೊದಲು ಆರಂಭದ ತೂಕ. ಪಾದದಲ್ಲಿ ಬಾವು ಇದ್ದರೆ ಅದು ಇಳಿದ ಮೇಲಿನ ತೂಕವನ್ನೇ ಹಿಡಿಯಿರಿ, ಇಲ್ಲವಾದರೆ ನೀರಿನ ಭಾರವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದು 6 ಕೆ.ಜಿ. ಎಂದಿಟ್ಟುಕೊಳ್ಳಿ. ಶೇ. 15ರಷ್ಟು ಏರಬೇಕು, ಅಂದರೆ ಗುರಿ 6.9 ಕೆ.ಜಿ. ಚೇತರಿಕೆಯ ಹಂತದಲ್ಲಿ ಪ್ರತಿ ಕಿಲೋಗೆ ದಿನಕ್ಕೆ 10 ಗ್ರಾಂ ದಾಟಿದರೆ ಒಳ್ಳೆಯ ಏರಿಕೆ, 5ಕ್ಕಿಂತ ಇಳಿದರೆ ಕಳಪೆ. ಈ ಮಗುವಿಗೆ ಅದು ವಾರಕ್ಕೆ 420 ಮತ್ತು 210 ಗ್ರಾಂ. ಆ ಎರಡು ಗೆರೆಗಳನ್ನು ಮೊದಲೇ ಎಳೆದಿಟ್ಟು, ದಿನದ ತೂಕವನ್ನು ಚುಕ್ಕೆ ಇಡುತ್ತಾ ಹೋಗಿ.

ವಾರದ ಕೊನೆಗೆ 6.15 ಕೆ.ಜಿ. ಬಂತೆನ್ನಿ. ಏರಿದ್ದು 150 ಗ್ರಾಂ, ಕೆಳಗೆರೆಯನ್ನೂ ಮುಟ್ಟಿಲ್ಲ. ಏಕೆಂದು ಹೇಳುವುದು ತೂಕದ ಕೆಳಗಿನ ಸಾಲು: ಎಫ್-100 ಕೊಟ್ಟದ್ದೆಷ್ಟು, ಉಳಿದದ್ದೆಷ್ಟು, ವಾಂತಿಯಾದದ್ದೆಷ್ಟು. ದಿನಕ್ಕೆ 150 ಮಿ.ಲೀ.ನಂತೆ ಆರು ಸಲ ಕೊಡಬೇಕಿದ್ದು, ರಾತ್ರಿಯ ಎರಡು ಮನೆಗಳು ಖಾಲಿಯಿದ್ದರೆ ಕಾರಣ ಅಲ್ಲೇ ಇದೆ. ಕೊಡದಿದ್ದರೂ ‘ಕೊಟ್ಟಿದೆ’ ಎಂದು ತುಂಬಿದರೆ ನಕ್ಷೆ ಸುಳ್ಳಾಗುತ್ತದೆ. ಅಷ್ಟನ್ನೂ ಕುಡಿದು ತೂಕ ಏರದಿದ್ದರೆ ಸೋಂಕು ಅಡಗಿರಬಹುದು. ಕಿವಿ, ಮೂತ್ರ, ಕ್ಷಯ ಪರೀಕ್ಷಿಸಲು ವೈದ್ಯರಿಗೆ ಅಂದೇ ಹೇಳಿ.